ನೀರಿಲ್ಲದ ಬಾಡಿಗೆ ಮನೆಯನ್ನು ಅವಧಿಗೆ ಮುನ್ನ ಬಿಡುವುದು: ಪತ್ರ, ಲೆಕ್ಕ ಮತ್ತು ಕೀ ಹಸ್ತಾಂತರ

ಬೆಂಗಳೂರಿನ ಹೊರವಲಯದ ಎಷ್ಟೋ ಬಡಾವಣೆಗಳಲ್ಲಿ ಬಾಡಿಗೆ ಮನೆಗಳು ಇಂದಿಗೂ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿಕೊಂಡಿವೆ. ಬೇಸಿಗೆ ಆರಂಭವಾಗುತ್ತಿದ್ದಂತೆ ಬೋರ್‌ವೆಲ್ ಸೊರಗುತ್ತದೆ, ಮಾಲೀಕರು ತರಿಸುವ ಟ್ಯಾಂಕರ್ ಸಾಲದಾಗುತ್ತದೆ, ಬಾಡಿಗೆದಾರರು ಕಳುಹಿಸಿದ ಸಂದೇಶಗಳಿಗೆ ಉತ್ತರ ಬರುವುದಿಲ್ಲ. ಕೊನೆಗೆ ಮನೆ ಬಿಡೋಣವೆಂದರೆ ಕರಾರಿನಲ್ಲಿ ಲಾಕ್-ಇನ್ ಅವಧಿ ಬಾಕಿ ಇರುತ್ತದೆ, ಅಡ್ವಾನ್ಸ್ ಹಣವೆಲ್ಲ ಮಾಲೀಕರ ಕೈಯಲ್ಲಿರುತ್ತದೆ. ಇಂಥ ಸ್ಥಿತಿಯಲ್ಲಿ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಒಂದು ಮಾದರಿ ಪ್ರಕರಣದ ಮೂಲಕ ಇಲ್ಲಿ ವಿವರಿಸಲಾಗಿದೆ.

ಪ್ರಕರಣ ಹೀಗಿದೆ ಎಂದುಕೊಳ್ಳೋಣ. ಎಂಟು ಮನೆಗಳಿರುವ ಕಟ್ಟಡದ ಎರಡನೇ ಮಹಡಿಯಲ್ಲಿ ಮೂವರ ಸಂಸಾರ. ಬಾಡಿಗೆ ತಿಂಗಳಿಗೆ 24,000 ರೂಪಾಯಿ, ಅಡ್ವಾನ್ಸ್ 1,50,000 ರೂಪಾಯಿ. ಹನ್ನೊಂದು ತಿಂಗಳ ಕರಾರು ಅಕ್ಟೋಬರ್ 1ರಂದು ಆರಂಭವಾಗಿದ್ದು, ಮೊದಲ ಎಂಟು ತಿಂಗಳು, ಅಂದರೆ ಮೇ 31ರವರೆಗೆ, ಲಾಕ್-ಇನ್ ಇದೆ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಕಡಿತವಾಗುತ್ತದೆ. ಜನವರಿ ಕೊನೆಯಿಂದ ನೀರಿನ ತೊಂದರೆ ಶುರುವಾಗಿದೆ. ಸಂಸಾರಕ್ಕೆ ಏಪ್ರಿಲ್ 15ರೊಳಗೆ ಬೇರೆ ಮನೆಗೆ ಹೋಗಬೇಕಾಗಿದೆ.

ಮೊದಲು ಕರಾರನ್ನು ಓದಿ

ಕರಾರಿನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು ಸಂಗತಿ: ಲಾಕ್-ಇನ್ ಮತ್ತು ನೋಟಿಸ್ ಅವಧಿ ಎಷ್ಟು, ನೀರಿನ ಹೊಣೆ ಯಾರದು, ನೋಟಿಸನ್ನು ಯಾವ ವಿಳಾಸಕ್ಕೆ ಯಾವ ರೀತಿಯಲ್ಲಿ ಕೊಡಬೇಕು. ನೀರಿನ ಬಗ್ಗೆ ಪ್ರತ್ಯೇಕ ಷರತ್ತು ಇಲ್ಲದಿದ್ದರೂ, ‘ಮೇಂಟೆನೆನ್ಸ್ ಶುಲ್ಕದಲ್ಲಿ ನೀರು ಸೇರಿದೆ’ ಎಂಬ ಒಂದು ಸಾಲು ಎಲ್ಲಾದರೂ ಇದ್ದರೆ ಅದೇ ನಿಮ್ಮ ಪತ್ರದ ಆಧಾರಸ್ತಂಭವಾಗುತ್ತದೆ, ಏಕೆಂದರೆ ಹಣ ಪಡೆದ ಸೇವೆಯನ್ನು ಒದಗಿಸುತ್ತಿಲ್ಲ ಎಂದು ನೀವು ಆಗ ಹೇಳಬಹುದು.

ಕರಾರಿನ ಅವಧಿ ಮುಗಿದು, ನವೀಕರಣವಿಲ್ಲದೆ ತಿಂಗಳಿಂದ ತಿಂಗಳಿಗೆ ಬಾಡಿಗೆ ಕೊಡುತ್ತ ಮುಂದುವರಿದಿದ್ದರೆ ನಿಮ್ಮ ದಾರಿ ಸುಗಮ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಾಗ, ತಿಂಗಳ ಬಾಡಿಗೆಯನ್ನು ಎರಡೂ ಕಡೆಯವರು ಹದಿನೈದು ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ನಮ್ಮ ಪ್ರಕರಣದಂತೆ ಲಾಕ್-ಇನ್ ಚಾಲ್ತಿಯಲ್ಲಿದ್ದರೆ ಮಾತ್ರ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಅಥವಾ ಒಪ್ಪಿಗೆಯಿಲ್ಲದೆ ಹೊರಟರೆ ಎಷ್ಟು ಹಣ ವಿವಾದಕ್ಕೆ ಸಿಲುಕುತ್ತದೆ ಎಂಬ ಅರಿವಾದರೂ ಇರಬೇಕು. ಇಲ್ಲಿ ಆ ಮೊತ್ತ ಸ್ಪಷ್ಟವಾಗಿದೆ: ಏಪ್ರಿಲ್ 15ರಿಂದ ಮೇ 31ರವರೆಗಿನ ಒಂದೂವರೆ ತಿಂಗಳ ಬಾಡಿಗೆ, 36,000 ರೂಪಾಯಿ. ಮುಂದಿನ ಪತ್ರವೆಲ್ಲ ಈ 36,000 ರೂಪಾಯಿಯ ಸುತ್ತಲೇ ಸುತ್ತುತ್ತದೆ.

ಕಾನೂನಿನ ಬಗ್ಗೆ ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿಯೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದಾಗಿ, ಕರ್ನಾಟಕ ಬಾಡಿಗೆ ಕಾಯ್ದೆ, 1999 ತಮ್ಮನ್ನು ಕಾಯುತ್ತದೆ ಎಂದು ಹಲವರು ಭಾವಿಸುತ್ತಾರೆ. ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಇಂದಿನ ಬೆಂಗಳೂರಿನ ಹೆಚ್ಚಿನ ಮನೆಗಳಿಗೆ ಅದರಿಂದ ಪ್ರಯೋಜನವಿಲ್ಲ. ಎರಡನೆಯದಾಗಿ, ನೀರಿಲ್ಲದ ಕಾರಣಕ್ಕೆ ಕರಾರು ತಾನಾಗಿಯೇ ರದ್ದಾಗುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬೆಂಕಿ, ಬಿರುಗಾಳಿ, ಪ್ರವಾಹದಂಥ ಕಾರಣಗಳಿಂದ ಸ್ವತ್ತು ಗಣನೀಯವಾಗಿ ಮತ್ತು ಶಾಶ್ವತವಾಗಿ ಬಳಕೆಗೆ ಅಯೋಗ್ಯವಾದಾಗ ಮಾತ್ರ ಬಾಡಿಗೆದಾರನಿಗೆ ಅಂಥ ಆಯ್ಕೆ ನೀಡುತ್ತದೆ. ನಾಲ್ಕು ತಿಂಗಳ ಬೇಸಿಗೆಯ ಕೊರತೆಯನ್ನು ಶಾಶ್ವತವೆಂದು ಸಾಧಿಸುವುದು ಕಷ್ಟ.

ಹಾಗಾದರೆ ಬಾಡಿಗೆದಾರರ ಬಲ ಎಲ್ಲಿದೆ? ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಲ್ಲಿ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರವನ್ನು ಮಾತ್ರ. ನೀವು ಬಿಟ್ಟ ವಾರದಲ್ಲೇ ಮನೆಗೆ ಹೊಸಬರು ಬಂದರೆ ಮಾಲೀಕರಿಗೆ ಆದ ನಷ್ಟ ಅತ್ಯಲ್ಪ. ಲಾಕ್-ಇನ್ ಷರತ್ತುಗಳ ಬಗ್ಗೆ ನ್ಯಾಯಾಲಯಗಳ ನಿಲುವು ಎಲ್ಲ ಪ್ರಕರಣಗಳಲ್ಲೂ ಒಂದೇ ರೀತಿ ಇಲ್ಲವಾದ್ದರಿಂದ ಇದನ್ನು ಪತ್ರದಲ್ಲಿ ಬೆದರಿಕೆಯಾಗಿ ಬಳಸುವುದಕ್ಕಿಂತ, ಮಾಲೀಕರಿಗೆ ನಷ್ಟವೇ ಆಗದಂತೆ ಹಸ್ತಾಂತರವನ್ನು ಯೋಜಿಸಿ ತೋರಿಸುವುದು ಹೆಚ್ಚು ಫಲಕಾರಿ.

ಕೊರತೆಯನ್ನು ಅಳತೆಯಲ್ಲಿ ಹೇಳಿ

‘ನೀರೇ ಬರುತ್ತಿಲ್ಲ’ ಎಂದು ಬರೆದರೆ, ‘ನಿನ್ನೆ ಬೆಳಿಗ್ಗೆ ಬಂದಿತ್ತಲ್ಲ’ ಎಂಬ ಒಂದೇ ಮಾತಿನಿಂದ ಮಾಲೀಕರು ಇಡೀ ದೂರನ್ನು ತಳ್ಳಿಹಾಕಬಹುದು. ಅದಕ್ಕಾಗಿ ಮೊದಲು ಕೊರತೆಯ ಮೂಲವನ್ನು ಗುರುತಿಸಿಕೊಳ್ಳಬೇಕು. ಸಂಪಿನ ಮುಚ್ಚಳ ತೆಗೆದು ನೋಡಿದಾಗ ಅದು ತುಂಬಿದ್ದೂ ನಲ್ಲಿ ಒಣಗಿದ್ದರೆ ದೋಷ ಮೋಟಾರಿನದೋ, ವಾಲ್ವಿನದೋ, ಮೇಲಿನ ಟ್ಯಾಂಕಿನದೋ ಆಗಿರುತ್ತದೆ. ಇದು ದುರಸ್ತಿಯ ವಿಷಯ, ಮಾಲೀಕರು ಒಂದು ದಿನದಲ್ಲಿ ಸರಿಪಡಿಸಬಹುದಾದದ್ದು. ಸಂಪು ಬರಿದಾಗಿದ್ದು, ಬೋರ್‌ವೆಲ್ ಮೋಟಾರ್ ಓಡುವಾಗ ಪೈಪಿನಲ್ಲಿ ಗಾಳಿ ಬೆರೆತ ನೀರು ಬುಸುಗುಟ್ಟುತ್ತ ಬಂದು, ಸ್ವಲ್ಪ ಹೊತ್ತಿನಲ್ಲೇ ಪ್ಯಾನೆಲ್ ಬೋರ್ಡ್ ಟ್ರಿಪ್ ಆಗುತ್ತಿದ್ದರೆ ಅಂತರ್ಜಲ ಕೆಳಗಿಳಿದಿದೆ ಎಂದೇ ತಿಳಿಯಬೇಕು. ಅಂತರ್ಜಲ ಬತ್ತಿದ್ದು ಮಾಲೀಕರ ತಪ್ಪಲ್ಲ. ಆದರೆ ಬದಲಿ ವ್ಯವಸ್ಥೆ ಮಾಡದಿರುವುದು ಮತ್ತು ಕೇಳಿದವರಿಗೆ ಉತ್ತರಿಸದಿರುವುದು ಅವರ ಹೊಣೆಯೊಳಗೆ ಬರುತ್ತದೆ. ಪತ್ರ ಈ ವ್ಯತ್ಯಾಸವನ್ನು ಒಪ್ಪಿಕೊಂಡು ಬರೆದಿದ್ದರೆ ಓದುವವರಿಗೆ ಅದರ ಮೇಲೆ ನಂಬಿಕೆ ಹುಟ್ಟುತ್ತದೆ.

ನಮ್ಮ ಪ್ರಕರಣದಲ್ಲಿ ಬೋರ್‌ವೆಲ್ ಬತ್ತಿದ ಮೇಲೆ ಮಾಲೀಕರು ಮೂರು ದಿನಕ್ಕೊಮ್ಮೆ 6,000 ಲೀಟರಿನ ಒಂದು ಟ್ಯಾಂಕರ್ ತರಿಸುತ್ತಿದ್ದಾರೆ. ದಿನಕ್ಕೆ 2,000 ಲೀಟರ್. ಎಂಟು ಮನೆಗೆ ಹಂಚಿದರೆ ಮನೆಗೆ 250 ಲೀಟರ್. ಮೂವರಿಗೆ ತಲಾ ಸುಮಾರು 83 ಲೀಟರ್. ನಗರ ನೀರು ಪೂರೈಕೆಯ ಯೋಜನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಮಾನದಂಡ ತಲಾ 135 ಲೀಟರ್. ಅದೂ ನೀರು ಸಮನಾಗಿ ಹಂಚಿಕೆಯಾದರೆ ಈ ಲೆಕ್ಕ. ಟ್ಯಾಂಕರ್ ಬಂದ ದಿನವೇ ಕೆಳಮಹಡಿಗಳವರು ಡ್ರಮ್ಮುಗಳಲ್ಲಿ ತುಂಬಿಸಿಕೊಳ್ಳುವುದರಿಂದ ಮೂರನೇ ದಿನ ಮೇಲಿನವರಿಗೆ ಏನೂ ಉಳಿದಿರುವುದಿಲ್ಲ. ನಾಲ್ಕು ಸಾಲಿನ ಈ ಲೆಕ್ಕದ ಜೊತೆಗೆ ದಿನಾಂಕ, ನೀರು ಬಂದ ಸಮಯ ಮತ್ತು ನಿಂತ ಸಮಯವನ್ನು ಎರಡು ವಾರಗಳ ಕಾಲ ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಸ್ವಂತ ಖರ್ಚಿನಲ್ಲಿ ಟ್ಯಾಂಕರ್ ಅಥವಾ ಕ್ಯಾನ್ ನೀರು ತರಿಸಿದ್ದರೆ ಅದರ ರಸೀದಿ ಅಥವಾ ಯುಪಿಐ ಪಾವತಿಯ ವಿವರ ಇಟ್ಟುಕೊಳ್ಳಿ. ಕಟ್ಟಡಕ್ಕೆ ಕಾವೇರಿ ಸಂಪರ್ಕವಿದ್ದೂ ನೀರು ಬಾರದಿದ್ದರೆ ಜಲಮಂಡಳಿಯ 1916 ಸಹಾಯವಾಣಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ.

ಉತ್ತರ ಬಾರದ ಸಂದೇಶಗಳನ್ನು ಜೋಡಿಸುವುದು

ಹಳೆಯ ಸಂದೇಶಗಳೇ ಈ ಪತ್ರದ ಜೀವಾಳ, ಅವನ್ನು ಬಳಸುವಾಗಲೇ ಹೆಚ್ಚಿನವರು ಎಡವುತ್ತಾರೆ. ಹದಿನೈದು ಸ್ಕ್ರೀನ್‌ಶಾಟ್‌ಗಳನ್ನು ಒಟ್ಟಿಗೆ ಕಳುಹಿಸಿ ‘ನೀವು ಯಾವುದಕ್ಕೂ ಉತ್ತರಿಸಿಲ್ಲ’ ಎಂದರೆ ಮಾಲೀಕರು ಅವನ್ನು ತೆರೆದೂ ನೋಡುವುದಿಲ್ಲ. ಬದಲಿಗೆ ಪ್ರತಿ ಸಂದೇಶದ ದಿನಾಂಕ, ಅದರಲ್ಲಿ ಕೇಳಿದ್ದೇನು, ಬಂದ ಉತ್ತರವೇನು ಎಂಬ ಮೂರನ್ನೇ ಒಂದೊಂದು ಸಾಲಿನಲ್ಲಿ ಬರೆಯಿರಿ. ಮಧ್ಯೆ ಎಲ್ಲಾದರೂ ಮಾಲೀಕರು ‘ನೋಡ್ತೀನಿ’ ಎಂದು ಉತ್ತರಿಸಿದ್ದರೆ ಅದನ್ನು ಮರೆಮಾಚದೆ ಸೇರಿಸಬೇಕು. ಅದನ್ನು ಬಿಟ್ಟರೆ ನಿಮ್ಮ ಪಟ್ಟಿಯ ಉಳಿದ ಸಾಲುಗಳೂ ಅನುಮಾನಕ್ಕೆ ಗುರಿಯಾಗುತ್ತವೆ. ಮೇಲಾಗಿ, ಆ ಒಂದು ಪದ ತೊಂದರೆ ಅವರ ಗಮನಕ್ಕೆ ಬಂದಿತ್ತು ಎಂಬುದಕ್ಕೆ ಅವರದೇ ಸಾಕ್ಷಿ.

ವಾಟ್ಸ್ಆ್ಯಪ್‌ನ ನೀಲಿ ಗುರುತುಗಳು ಸಂದೇಶ ತೆರೆಯಲ್ಪಟ್ಟಿದೆ ಎಂಬುದನ್ನಷ್ಟೇ ಹೇಳುತ್ತವೆ. ಮೌನವನ್ನು ಒಪ್ಪಿಗೆಯೆಂದು ಬರೆಯಬೇಡಿ. ಫೋನ್ ಕರೆಗಳ ಪಟ್ಟಿಯೂ ಕರೆ ಹೋಗಿತ್ತು ಎಂಬುದನ್ನು ಬಿಟ್ಟರೆ ಬೇರೇನನ್ನೂ ತೋರಿಸದು, ಆದ್ದರಿಂದ ಇನ್ನು ಮುಂದೆ ಪ್ರತಿ ಕರೆಯ ನಂತರ ‘ಈಗ ಫೋನಿನಲ್ಲಿ ತಿಳಿಸಿದಂತೆ’ ಎಂದು ಆರಂಭವಾಗುವ ಒಂದು ಸಾಲಿನ ಸಂದೇಶ ಕಳುಹಿಸುವುದನ್ನು ರೂಢಿಸಿಕೊಳ್ಳಿ. ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ ಇಮೇಲಿಗೆ ಕಳುಹಿಸಿಟ್ಟುಕೊಳ್ಳಿ, ಮೂಲ ಸಂದೇಶಗಳನ್ನು ಅಳಿಸಬೇಡಿ, ಮತ್ತು ವಿಷಯ ಇತ್ಯರ್ಥವಾಗುವವರೆಗೆ ಆ ಫೋನನ್ನು ಮಾರಬೇಡಿ. ವಿವಾದ ನ್ಯಾಯಾಲಯಕ್ಕೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಮೂಲ ಸಾಧನ ಕೈಯಲ್ಲಿರುವುದು ಅನುಕೂಲ.

ಪತ್ರ

ಪತ್ರದಲ್ಲಿ ಸಿಟ್ಟು ಕಾಣಿಸಬಾರದು, ದೈನ್ಯವೂ ಕಾಣಿಸಬಾರದು. ಕೋರಿಕೆ ಏನೆಂಬುದು ಮೊದಲ ವಾಕ್ಯದಲ್ಲೇ ಬರಲಿ. ಮೇಲಿನ ಪ್ರಕರಣಕ್ಕೆ ಮಾರ್ಚ್ 12ರಂದು ಬರೆಯುವ ಪತ್ರ ಹೀಗಿರಬಹುದು:

> ವಿಷಯ: ನೀರಿನ ನಿರಂತರ ಕೊರತೆಯ ಕಾರಣ ಎರಡನೇ ಮಹಡಿಯ ಮನೆಯನ್ನು ಏಪ್ರಿಲ್ 15ರಂದು ಹಸ್ತಾಂತರಿಸುವ ಬಗ್ಗೆ
>
> ಮಾನ್ಯರೇ,
>
> ಅಕ್ಟೋಬರ್ 1ರ ಕರಾರಿನಂತೆ ತಮ್ಮ ಕಟ್ಟಡದ ಎರಡನೇ ಮಹಡಿಯ ಮನೆಯಲ್ಲಿ ವಾಸವಾಗಿರುವ ನಾವು, ಕೆಳಗೆ ವಿವರಿಸಿದ ಕಾರಣಗಳಿಂದ ಮನೆಯನ್ನು ಏಪ್ರಿಲ್ 15ರಂದು ತಮಗೆ ಒಪ್ಪಿಸಲು ಇಚ್ಛಿಸಿದ್ದು, ಮೇ 31ರವರೆಗಿನ ಲಾಕ್-ಇನ್ ಷರತ್ತನ್ನು ಆ ದಿನದಿಂದ ಸಡಿಲಿಸಬೇಕೆಂದೂ ಈ ಪತ್ರವನ್ನೇ ನೋಟಿಸ್ ಎಂದು ಸ್ವೀಕರಿಸಬೇಕೆಂದೂ ಕೋರುತ್ತೇವೆ.
>
> ಜನವರಿ ಕೊನೆಯ ವಾರದಿಂದ ಬೋರ್‌ವೆಲ್ ನೀರು ನಿಂತಿದೆ. ಮೂರು ದಿನಕ್ಕೊಮ್ಮೆ ಬರುವ 6,000 ಲೀಟರ್ ಟ್ಯಾಂಕರ್ ಎಂಟು ಮನೆಗಳಿಗೆ ಹಂಚಿಕೆಯಾಗಿ ನಮ್ಮ ಮನೆಗೆ ದಿನಕ್ಕೆ ಹೆಚ್ಚೆಂದರೆ 250 ಲೀಟರ್ ದೊರೆಯುತ್ತಿದ್ದು, ಮೂರನೇ ದಿನ ನಲ್ಲಿಯಲ್ಲಿ ನೀರು ಇರುವುದಿಲ್ಲ. ಎರಡು ವಾರಗಳ ದಿನವಹಿ ವಿವರವನ್ನು ಲಗತ್ತಿಸಿದೆ. ಅಂತರ್ಜಲ ಕುಸಿದಿರುವುದು ತಮ್ಮ ಕೈಮೀರಿದ ವಿಷಯ ಎಂಬುದನ್ನು ನಾವು ಬಲ್ಲೆವು. ಆದರೆ ಮೇಂಟೆನೆನ್ಸ್ ಶುಲ್ಕದಲ್ಲಿ ನೀರು ಸೇರಿದೆ ಎಂದು ಕರಾರಿನಲ್ಲಿರುವುದರಿಂದ ಬದಲಿ ವ್ಯವಸ್ಥೆಯನ್ನು ತಮ್ಮಿಂದ ನಿರೀಕ್ಷಿಸಿದ್ದೆವು.
>
> ಈ ಬಗ್ಗೆ ತಮಗೆ ವಾಟ್ಸ್ಆ್ಯಪ್ ಮೂಲಕ ಹೀಗೆ ತಿಳಿಸಿದ್ದೆವು:
> ಫೆಬ್ರುವರಿ 3: ‘ಸರ್, ಎರಡು ದಿನದಿಂದ ನೀರು ಬಂದಿಲ್ಲ, ದಯವಿಟ್ಟು ಟ್ಯಾಂಕರ್ ಹೇಳಿ.’ ತಮ್ಮ ಉತ್ತರ: ‘ನೋಡ್ತೀನಿ.’
> ಫೆಬ್ರುವರಿ 14: ಟ್ಯಾಂಕರ್ ಎರಡು ದಿನಕ್ಕೊಮ್ಮೆ ತರಿಸುವಂತೆ ಕೋರಿಕೆ. ಉತ್ತರ ಬಂದಿಲ್ಲ.
> ಫೆಬ್ರುವರಿ 27: ಹೆಚ್ಚುವರಿ ಟ್ಯಾಂಕರಿನ ವೆಚ್ಚದಲ್ಲಿ ಪಾಲು ಕೊಡಲು ಸಿದ್ಧವೆಂಬ ಸಂದೇಶ. ಉತ್ತರ ಬಂದಿಲ್ಲ.
> ಮಾರ್ಚ್ 6: ಪರಿಹಾರ ಸಾಧ್ಯವಾಗದಿದ್ದರೆ ಮನೆ ಬಿಡಬೇಕಾದೀತೆಂಬ ಸೂಚನೆ. ಉತ್ತರ ಬಂದಿಲ್ಲ.
>
> ಹಸ್ತಾಂತರಕ್ಕೆ ನಮ್ಮ ಪ್ರಸ್ತಾವ ಹೀಗಿದೆ. ಏಪ್ರಿಲ್ 15ರವರೆಗಿನ ಅರ್ಧ ತಿಂಗಳ ಬಾಡಿಗೆ 12,000 ರೂಪಾಯಿಯನ್ನು ಏಪ್ರಿಲ್ 5ರೊಳಗೆ ತಮ್ಮ ಖಾತೆಗೆ ಪಾವತಿಸುತ್ತೇವೆ. ಕರಾರಿನಂತೆ ಪೇಂಟಿಂಗ್ ವೆಚ್ಚ 24,000 ರೂಪಾಯಿಯನ್ನು ಕಡಿತ ಮಾಡಲು ನಮ್ಮ ಒಪ್ಪಿಗೆಯಿದೆ. ವಿದ್ಯುತ್ ಬಿಲ್ಲನ್ನು ಕೊನೆಯ ರೀಡಿಂಗ್‌ವರೆಗೆ ನಾವೇ ಕಟ್ಟುತ್ತೇವೆ. ಉಳಿದ ಅಡ್ವಾನ್ಸ್ 1,26,000 ರೂಪಾಯಿಯನ್ನು ಕೀ ಒಪ್ಪಿಸುವ ದಿನ ಮರಳಿಸಬೇಕಾಗಿ ಕೋರುತ್ತೇವೆ. ಮಾರ್ಚ್ 20ರಿಂದ ಪ್ರತಿ ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಹೊಸ ಬಾಡಿಗೆದಾರರಿಗೆ ಮನೆ ತೋರಿಸಲು ಅನುಕೂಲ ಮಾಡಿಕೊಡುತ್ತೇವೆ. ನಾವು ಸ್ವಂತ ಖರ್ಚಿನಲ್ಲಿ ತರಿಸಿದ ಟ್ಯಾಂಕರ್‌ಗಳ ಹಣವನ್ನು, ಈ ಪ್ರಸ್ತಾವಕ್ಕೆ ತಾವು ಒಪ್ಪಿದಲ್ಲಿ, ಕೇಳುವುದಿಲ್ಲ.
>
> ಮಾರ್ಚ್ 19ರೊಳಗೆ ತಮ್ಮ ಉತ್ತರವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.
>
> ಇಂತಿ ತಮ್ಮ ವಿಶ್ವಾಸಿ

ಈ ಪತ್ರದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಪೇಂಟಿಂಗ್ ಕಡಿತವನ್ನು ಚೌಕಾಸಿಯಿಲ್ಲದೆ ಒಪ್ಪಿಕೊಂಡಿರುವುದು ಉದ್ದೇಶಪೂರ್ವಕ. ಆರು ತಿಂಗಳಿಗೆ ಇಡೀ ತಿಂಗಳ ಬಾಡಿಗೆ ಕಡಿತವಾಗುವುದು ಅನ್ಯಾಯವೆನಿಸಬಹುದು, ಆದರೆ ಕರಾರಿನ ಒಂದು ಷರತ್ತನ್ನು ಸಡಿಲಿಸಲು ಕೇಳುವವರು ಉಳಿದವನ್ನು ಗೌರವಿಸುತ್ತಿರುವುದು ಕಾಣಬೇಕು. ಎರಡನೆಯದು, ಪತ್ರದಲ್ಲಿ ಇಲ್ಲದ ಸಂಗತಿ. ಮಾಲೀಕರು ಪಟ್ಟು ಹಿಡಿದರೆ ಹೆಚ್ಚುವರಿಯಾಗಿ ಹದಿನೈದು ದಿನಗಳ ಬಾಡಿಗೆ, 12,000 ರೂಪಾಯಿ, ಕೊಡಲು ಮನಸ್ಸಿನಲ್ಲಿ ಸಿದ್ಧರಿರಿ. ಆದರೆ ಅದನ್ನು ಬರೆಯಬೇಡಿ. ಬರೆದ ಕ್ಷಣದಿಂದ ಮಾತುಕತೆ ಅಲ್ಲಿಂದಲೇ ಆರಂಭವಾಗುತ್ತದೆ.

ಈ ನಡುವೆ ಬಾಡಿಗೆ ನಿಲ್ಲಿಸಿ ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎನ್ನುವುದು ಬೇಡ. ಅಡ್ವಾನ್ಸ್ ಬರುವುದೇ ಅನುಮಾನ ಎಂಬ ಭಯದಿಂದ ಹಲವರು ಹಾಗೆ ಮಾಡುತ್ತಾರೆ, ಆ ಭಯ ಅರ್ಥವಾಗುವಂಥದ್ದೇ. ಆದರೆ ಅದರೊಂದಿಗೆ ಕರಾರು ಮುರಿದವರು ನೀವೇ ಆಗಿಬಿಡುತ್ತೀರಿ, ನೀರಿನ ವಿಷಯ ಹಿನ್ನೆಲೆಗೆ ಸರಿಯುತ್ತದೆ. ಟ್ಯಾಂಕರ್ ಹಣವನ್ನು ಬಾಡಿಗೆಯಲ್ಲಿ ಏಕಪಕ್ಷೀಯವಾಗಿ ಕಳೆಯುವುದೂ ಅಷ್ಟೇ ಅಪಾಯಕಾರಿ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿಯೂ ಮಾಡದಿದ್ದಾಗ ಬಾಡಿಗೆದಾರ ತಾನೇ ಮಾಡಿಸಿ ವೆಚ್ಚ ಕಳೆಯಬಹುದೆಂದು 108ನೇ ಕಲಮು ಹೇಳುತ್ತದೆಯಾದರೂ ಟ್ಯಾಂಕರ್ ನೀರು ದುರಸ್ತಿಯೇ ಎಂಬ ವಾದಕ್ಕೆ ಎಡೆ ಇದ್ದೇ ಇರುತ್ತದೆ.

ಕಳುಹಿಸುವುದು ಮತ್ತು ಕಾಯುವುದು

ಸಹಿ ಮಾಡಿದ ಪತ್ರವನ್ನು ಕರಾರಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ಅದರ ಪಿಡಿಎಫ್ ಪ್ರತಿಯನ್ನು ಅದೇ ದಿನ ವಾಟ್ಸ್ಆ್ಯಪ್ ಮತ್ತು ಇಮೇಲಿನಲ್ಲೂ ಕಳುಹಿಸಿ. ಅಂಚೆ ರಸೀದಿಯನ್ನೂ ಬಟವಾಡೆಯಾದ ವಿವರವನ್ನೂ ತೆಗೆದಿಡಿ. ಪತ್ರ ತಲುಪಿದ ಮೇಲೆ ಮಾಲೀಕರು ಹೆಚ್ಚಾಗಿ ಫೋನ್ ಮಾಡುತ್ತಾರೆ. ಅವರು ಬಾಯಿಮಾತಿನಲ್ಲಿ ಒಪ್ಪಿದರೆ ಅಂದು ಸಂಜೆಯೇ ದಿನಾಂಕ ಮತ್ತು ಮೊತ್ತವನ್ನು ಬರೆದು, ‘ಇದು ಸರಿಯೆಂದು ದಯವಿಟ್ಟು ಖಚಿತಪಡಿಸಿ’ ಎಂದು ಸಂದೇಶ ಕಳುಹಿಸಿ. ‘ಮಳೆ ಬಂದರೆ ಎಲ್ಲ ಸರಿಹೋಗುತ್ತದೆ’ ಎಂದರೆ, ಮಾರ್ಚ್ 25ರಿಂದ ದಿನಕ್ಕೆ 400 ಲೀಟರ್ ನೀರು ಬರುವ ವ್ಯವಸ್ಥೆಯಾದರೆ ಮಾತ್ರ ಉಳಿಯುವ ಬಗ್ಗೆ ಯೋಚಿಸುವುದಾಗಿ ತಿಳಿಸಿ. ದಿನಾಂಕ ಮತ್ತು ಪ್ರಮಾಣವಿಲ್ಲದ ಭರವಸೆಗೆ ಒಪ್ಪಿ ಏಪ್ರಿಲನ್ನು ಕಳೆದುಕೊಳ್ಳಬೇಡಿ. ಮಾರ್ಚ್ 19ರವರೆಗೆ ಉತ್ತರವೇ ಬಾರದಿದ್ದರೆ ಒಂದು ಕಿರು ಜ್ಞಾಪನಾ ಪತ್ರ ಕಳುಹಿಸಿ. ನಂತರವೂ ಮೌನವಾದರೆ, ಹೊಸ ಮನೆಗೆ ಅಡ್ವಾನ್ಸ್ ಕೊಡುವ ಮೊದಲೇ, ಕರಾರಿನ ಪ್ರತಿಯೊಂದಿಗೆ ವಕೀಲರೊಬ್ಬರನ್ನು ಕಾಣುವುದು ಒಳ್ಳೆಯದು. ಕರಾರಿಗೆ ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟಿಲ್ಲದಿದ್ದರೆ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ದಂಡ ತೆರಬೇಕಾಗಬಹುದು; ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಆ ದಾಖಲೆಯನ್ನೂ ಜೊತೆಗೆ ಒಯ್ಯಿರಿ.

ಕೀ ಕೊಡುವ ದಿನ

ಸಾಮಾನು ಸಾಗಿಸಿದ ಮರುದಿನ, ಹಗಲು ಹೊತ್ತಿನಲ್ಲಿ, ಖಾಲಿ ಮನೆಯನ್ನು ಮಾಲೀಕರು ಅಥವಾ ಅವರ ಪರವಾಗಿ ಬಂದವರ ಜೊತೆ ನೋಡಿ. ಅದಕ್ಕೂ ಮೊದಲು ಪ್ರತಿ ಕೋಣೆಯ ವಿಡಿಯೋ ಮಾಡಿ: ಗೋಡೆ, ಫ್ಯಾನು, ಗೀಸರ್, ಕಿಟಕಿಯ ಗಾಜು, ಬಾತ್‌ರೂಮಿನ ನಲ್ಲಿಗಳು. ನೀರು ಇಲ್ಲದ ಮನೆಯಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಒಣಗಿದ ನಲ್ಲಿಯನ್ನು ತೆರೆದೇ ಬಿಟ್ಟು ಹೊರಟರೆ, ಸಂಜೆ ಟ್ಯಾಂಕರ್ ಬಂದಾಗ ನೀರು ಹರಿದು ಕೆಳಮನೆಯ ಚಾವಣಿ ನೆನೆಯುತ್ತದೆ, ಆ ಖರ್ಚು ನಿಮ್ಮ ಅಡ್ವಾನ್ಸಿನಿಂದ ಹೋಗುತ್ತದೆ. ಎಲ್ಲ ನಲ್ಲಿಗಳನ್ನೂ ಗೀಸರಿನ ಸ್ವಿಚ್ಚನ್ನೂ ಮುಚ್ಚಿರುವುದು ವಿಡಿಯೋದಲ್ಲಿ ಕಾಣಲಿ. ಬೆಸ್ಕಾಂ ಮೀಟರಿನ ಅಂಕಿಯ ಫೋಟೊ ತೆಗೆದು ಬಾಕಿ ಬಿಲ್ ಕಟ್ಟಿದ ರಸೀದಿಯನ್ನು ಜೊತೆಗಿಡಿ.

ಹಸ್ತಾಂತರ ಪತ್ರ ಅರ್ಧ ಪುಟವಿದ್ದರೆ ಸಾಕು: ದಿನಾಂಕ, ಒಪ್ಪಿಸಿದ ಕೀಗಳ ಸಂಖ್ಯೆ, ಮೀಟರ್ ಅಂಕಿ, ಕಡಿತ 24,000, ಮರಳಿಸಿದ ಮೊತ್ತ 1,26,000, ಮತ್ತು ‘ಲಾಕ್-ಇನ್ ಸೇರಿದಂತೆ ಕರಾರಿನಿಂದ ಉಭಯತ್ರರಿಗೂ ಬೇರೆ ಬಾಕಿ ಇರುವುದಿಲ್ಲ’ ಎಂಬ ಸಾಲು. ಎರಡು ಪ್ರತಿಗಳಿಗೆ ಇಬ್ಬರೂ ಸಹಿ ಮಾಡಲಿ. ಹಣ ಖಾತೆಗೆ ಬಂದದ್ದನ್ನು ನೋಡಿದ ಮೇಲೆ ಕೀ ಕೊಡುವುದೇ ರೂಢಿ. ‘ಹೊಸಬರು ಬಂದ ಮೇಲೆ ಕೊಡುತ್ತೇನೆ’ ಎಂಬ ಮಾತು ಬಂದರೆ ಪಾವತಿಯ ದಿನಾಂಕವನ್ನು ಆ ಪತ್ರದಲ್ಲೇ ಬರೆಸಿಕೊಳ್ಳಿ.

ಮಾಲೀಕರು ಕೀ ಪಡೆಯಲು ನಿರಾಕರಿಸುವುದೂ ಉಂಟು, ಏಕೆಂದರೆ ಮನೆಯ ಸ್ವಾಧೀನ ನಿಮ್ಮಲ್ಲೇ ಇದೆ ಎಂದು ತೋರಿಸಿ ಬಾಡಿಗೆ ಕೇಳಲು ಅದರಿಂದ ಅವಕಾಶವಾಗುತ್ತದೆ. ಆಗ ಒಂದು ಚಾಪೆಯನ್ನೂ ಒಳಗೆ ಬಿಡದೆ ಮನೆಯನ್ನು ಸಂಪೂರ್ಣ ಖಾಲಿ ಮಾಡಿ, ನೆರೆಯವರೊಬ್ಬರ ಎದುರಿನಲ್ಲಿ ಕೀ ಕೊಡಲು ಹೋಗಿದ್ದಾಗಿಯೂ ಅವರು ಪಡೆಯಲಿಲ್ಲವೆಂದೂ ಅದೇ ದಿನ ಸಂದೇಶ ಮತ್ತು ಸ್ಪೀಡ್ ಪೋಸ್ಟ್ ಮೂಲಕ ತಿಳಿಸಿ, ಕೀಗಳನ್ನು ಯಾವಾಗ ಬೇಕಾದರೂ ಒಪ್ಪಿಸಲು ಸಿದ್ಧವೆಂದು ಬರೆಯಿರಿ. ಅಡ್ವಾನ್ಸ್ ಬಾರದೇ ಹೋದರೆ ಮುಂದಿನ ಹೆಜ್ಜೆ ವಕೀಲರ ನೋಟಿಸ್, ಅದಕ್ಕೂ ಮಣಿಯದಿದ್ದರೆ ಹಣ ವಸೂಲಿಯ ಸಿವಿಲ್ ದಾವೆ. ಅಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಹಸ್ತಾಂತರದ ದಿನಾಂಕವನ್ನು ತೋರಿಸುವ ದಾಖಲೆಗಳನ್ನು ಅಲ್ಲಿಯವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.